ಕೋಳಿ ಫಾರ್ಮ್ ವಿಮೆ: ಶೆಡ್ಡಿಗೆ ಬೆಂಕಿ, ಕರೆಂಟ್ ಕೈಕೊಟ್ಟದ್ದು, ರೋಗ – ಯಾವುದಕ್ಕೆ ದುಡ್ಡು ಬರುತ್ತದೆ, ಯಾವುದಕ್ಕೆ ಬರೋದಿಲ್ಲ

ನಮ್ಮದು ಮುಧೋಳ ತಾಲ್ಲೂಕು. ಸುತ್ತ ಎಲ್ಲಿ ನೋಡಿದರೂ ಕಬ್ಬು. ಕಟಾವು ಮುಗಿದ ಮೇಲೆ ರವದಿಗೆ ಬೆಂಕಿ ಹಚ್ಚುವುದು ಇಲ್ಲಿ ಮಾಮೂಲಿ. ಹಾಗೆ ಒಂದು ಫೆಬ್ರುವರಿ ಮಧ್ಯಾಹ್ನ ಪಕ್ಕದ ಹೊಲದಲ್ಲಿ ಹಚ್ಚಿದ ಬೆಂಕಿ, ಗಾಳಿ ಎದ್ದ ಕೂಡಲೇ ಬದು ದಾಟಿ ಬಂದು ನನ್ನ ಶೆಡ್ಡಿನ ಗೋಣಿ ಪರದೆ ಹಿಡಿಯಿತು. ಅಲ್ಲಿಂದ ಭತ್ತದ ಹೊಟ್ಟಿಗೆ, ಹೊಟ್ಟಿನಿಂದ ಮೇಲಿನ ಕಟ್ಟಿಗೆಗೆ. ಇಪ್ಪತ್ತು ನಿಮಿಷದಲ್ಲಿ ಶೆಡ್ಡಿನ ಒಂದು ತುದಿ ಕುಸಿಯಿತು. ಇಪ್ಪತ್ತೆಂಟು ದಿನದ 1,400 ಕೋಳಿ ಸತ್ತವು.

ವಿಮೆ ಇತ್ತು. ಹಾಗಂತ ಧೈರ್ಯವಾಗಿಯೇ ಇದ್ದೆ. ಬಂದ ದುಡ್ಡು ನೋಡಿದಾಗಲೇ ಗೊತ್ತಾಗಿದ್ದು, ಪಾಲಿಸಿ ಮಾಡಿಸುವ ದಿನ ಮಾಡಿದ ತಪ್ಪಿಗೆ ಕ್ಲೇಮಿನ ದಿನ ದಂಡ ಕಟ್ಟಬೇಕಾಗುತ್ತದೆ ಅಂತ. ಅದೇ ವರ್ಷ ಏಪ್ರಿಲ್‌ನಲ್ಲಿ ಬಬಲೇಶ್ವರ ಕಡೆ ಇರುವ ನಮ್ಮ ಸೋದರಮಾವನ ಶೆಡ್‌ನಲ್ಲಿ ಕರೆಂಟ್ ಹೋಗಿ 2,900 ಕೋಳಿ ಸತ್ತವು. ಅವರಿಗೂ ವಿಮೆ ಇತ್ತು, ಅವರಿಗೆ ಒಂದು ರೂಪಾಯಿಯೂ ಬರಲಿಲ್ಲ. ಎರಡೂ ಕಡೆ ಸತ್ತದ್ದು ಕೋಳಿಯೇ. ಆದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಸತ್ತವು" ಅಲ್ಲ, "ಯಾವುದರಿಂದ ಸತ್ತವು". ಆ ಒಂದು ಪ್ರಶ್ನೆಗೆ ಕಾಗದದಲ್ಲಿ ಉತ್ತರ ಇರುವ ಹಾಗೆ ನೋಡಿಕೊಳ್ಳುವುದು ಹೇಗೆ ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತೇನೆ.

1. ಮೊದಲು ಕೋಳಿ ಯಾರದು ಅಂತ ನೋಡಿ

ನಮ್ಮ ಭಾಗದಲ್ಲಿ ಬಹಳ ಜನ ಕಂಪನಿ ಕೋಳಿ ಸಾಕುತ್ತಾರೆ. ಮರಿ ಕಂಪನಿಯದು, ಆಹಾರ ಕಂಪನಿಯದು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ಹೊಟ್ಟು, ಆಳು ನಮ್ಮದು. ಕೊನೆಗೆ ಕೆಜಿ ಲೆಕ್ಕದಲ್ಲಿ ಸಾಕಾಣಿಕೆ ಕೂಲಿ. ಹೀಗಿದ್ದರೆ ಕೋಳಿಯ ಮೇಲೆ ನಿಮ್ಮ ಹೆಸರಲ್ಲಿ ವಿಮೆ ಮಾಡಿಸಿ ಉಪಯೋಗ ಇಲ್ಲ. ನಿಮ್ಮದಲ್ಲದ ಮಾಲಿಗೆ ನಿಮಗೆ ನಷ್ಟ ಪರಿಹಾರ ಸಿಗುವುದಿಲ್ಲ, ಅದು ವಿಮೆಯ ಮೂಲ ನಿಯಮ. ಯಾರಾದರೂ ಏಜೆಂಟ್ ಸುಮ್ನೆ ಪ್ರೀಮಿಯಂ ಕಟ್ಟಿಸಿಕೊಂಡರೂ ಕ್ಲೇಮ್ ಬಂದಾಗ ನಷ್ಟ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಮರಿಯ ಬಿಲ್ ಕೇಳುತ್ತಾರೆ. ಬಿಲ್ ನಿಮ್ಮ ಹೆಸರಲ್ಲಿ ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು.

ಕಂಪನಿ ಕೋಳಿ ಸಾಕುವವರು ಮಾಡಬೇಕಾದ್ದು ಎರಡು ಕೆಲಸ. ಶೆಡ್ಡಿಗೆ ಮತ್ತು ಒಳಗಿನ ನಿಮ್ಮ ಸಾಮಾನಿಗೆ ನಿಮ್ಮ ಹೆಸರಲ್ಲಿ ವಿಮೆ ಮಾಡಿಸಿ. ಆಮೇಲೆ ಒಪ್ಪಂದದ ಕಾಗದ ತೆಗೆದು, ಬೆಂಕಿ, ಬಿಸಿಲು, ರೋಗದಿಂದ ಕೋಳಿ ಸತ್ತರೆ ನಷ್ಟ ಯಾರ ತಲೆಗೆ ಅಂತ ಓದಿ. ಕೆಲವು ಒಪ್ಪಂದಗಳಲ್ಲಿ "ರೈತನ ನಿರ್ಲಕ್ಷ್ಯದಿಂದ" ಸತ್ತರೆ ಮರಿ, ಆಹಾರದ ಖರ್ಚು ರೈತನಿಂದ ಹಿಡಿದುಕೊಳ್ಳುತ್ತೇವೆ ಅಂತ ಇರುತ್ತದೆ. ಕಂಪನಿಯ ಸೂಪರ್‌ವೈಸರ್ ಬಾಯಲ್ಲಿ "ಅಣ್ಣಾ, ನಮ್ಮದು ಎಲ್ಲಾ ಇನ್ಶೂರೆನ್ಸ್ ಐತಿ" ಅನ್ನುತ್ತಾನೆ. ಐತಿ, ಆದರೆ ಅದು ಕಂಪನಿಗೆ. ನಿಮ್ಮ ಕೂಲಿಗಲ್ಲ.

ನನ್ನಂತೆ ಸ್ವಂತ ಮರಿ ತಂದು ಸಾಕುವವರು ಮುಂದಿನದನ್ನು ಪೂರ್ತಿ ಓದಿ.

2. ಶೆಡ್ಡಿಗೆ ಒಂದು ಪಾಲಿಸಿ, ಕೋಳಿಗೆ ಇನ್ನೊಂದು

ಇವು ಬೇರೆ ಬೇರೆ ಪಾಲಿಸಿಗಳು. ಬೆಂಕಿ ವಿಮೆಯಲ್ಲಿ ಶೆಡ್ಡು, ಫ್ಯಾನು, ಫೀಡರು, ಗೋದಾಮಿನ ಆಹಾರ ಬರುತ್ತವೆ, ಜೀವ ಇರುವ ಕೋಳಿ ಬರುವುದಿಲ್ಲ. ಕೋಳಿ ವಿಮೆಯಲ್ಲಿ ಕೋಳಿ ಬರುತ್ತದೆ, ಶೆಡ್ಡು ಬರುವುದಿಲ್ಲ. "ಫಾರ್ಮಿಗೆ ಇನ್ಶೂರೆನ್ಸ್ ಆಗಿದೆ" ಅಂತ ಬ್ಯಾಂಕಿನವರು ಹೇಳಿದರೆ ಯಾವುದಕ್ಕೆ ಅಂತ ಕೇಳಿ. ಬಹಳ ಸಲ ಅದು ಶೆಡ್ಡಿಗೆ ಮಾತ್ರ, ಅದೂ ಸಾಲದ ಮೊತ್ತಕ್ಕೆ ಮಾತ್ರ ಇರುತ್ತದೆ.

ಶೆಡ್ಡು, ಸಾಮಾನು, ದಾಸ್ತಾನು ಎಲ್ಲ ಸೇರಿ ಒಂದೇ ಜಾಗದಲ್ಲಿ 5 ಕೋಟಿ ರೂಪಾಯಿಯವರೆಗೆ ಇದ್ದರೆ ಈಗ ಇರುವ ಪಾಲಿಸಿಯ ಹೆಸರು ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಒಂದೇ ಪಠ್ಯದಲ್ಲಿ ಮಾರುತ್ತವೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ ಎಲ್ಲ ಇದರಲ್ಲಿ ಬರುತ್ತವೆ. ನಮ್ಮ ಕಡೆ ಬೇಸಿಗೆ ಕೊನೆಯ ಗಾಳಿ ಮಳೆಗೆ ಪತ್ರಾ ಹಾರಿ ಹೋಗುವುದು ಬೆಂಕಿಗಿಂತ ಜಾಸ್ತಿ, ಆದ್ದರಿಂದ ಬಿರುಗಾಳಿ ಇದೆಯಾ ಅಂತ ಷೆಡ್ಯೂಲಿನಲ್ಲಿ ಕಣ್ಣಾರೆ ನೋಡಿಕೊಳ್ಳಿ.

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ನನ್ನ ಶೆಡ್ಡು 200 ಅಡಿ ಉದ್ದ, 25 ಅಡಿ ಅಗಲ. ಇವತ್ತು ಅದನ್ನೇ ಹೊಸದಾಗಿ ಕಟ್ಟಿಸಿದರೆ 12 ಲಕ್ಷ ಆಗುತ್ತದೆ ಅಂತ ಸರ್ವೇಯರ್ ಲೆಕ್ಕ ಹಾಕಿದರು. ನನ್ನ ಸಾಲ 8 ಲಕ್ಷ, ಬ್ಯಾಂಕು ವಿಮೆ ಮಾಡಿಸಿದ್ದೂ 8 ಲಕ್ಷಕ್ಕೆ. ಸುಟ್ಟದ್ದು ಸುಮಾರು ಐದರಲ್ಲಿ ಎರಡು ಭಾಗ, ನಷ್ಟ 4 ಲಕ್ಷ 80 ಸಾವಿರ. ನಾನು ಅಂದುಕೊಂಡೆ, ನಷ್ಟ 8 ಲಕ್ಷದ ಒಳಗೇ ಇದೆಯಲ್ಲ, ಪೂರ್ತಿ ಬರುತ್ತದೆ ಅಂತ. ಹಾಗಲ್ಲ. ಹನ್ನೆರಡರ ಮಾಲಿಗೆ ಎಂಟಕ್ಕೆ ವಿಮೆ ಮಾಡಿಸಿದ್ದೀರಿ, ಅಂದರೆ ಮೂರರಲ್ಲಿ ಎರಡು ಪಾಲು ಮಾತ್ರ ನಮ್ಮ ಜವಾಬ್ದಾರಿ, ಉಳಿದ ಒಂದು ಪಾಲು ನೀವೇ ಹೊತ್ತುಕೊಂಡಿದ್ದೀರಿ ಅನ್ನುತ್ತಾರೆ. ಇದಕ್ಕೆ ಆವರೇಜ್ ಅಂತ ಹೆಸರು. 4.8 ಲಕ್ಷದ ಮೂರರಲ್ಲಿ ಎರಡು ಪಾಲು 3.2 ಲಕ್ಷ. ಅದರಲ್ಲಿ ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲೂ ನಾವೇ ಹೊರಬೇಕಾದ ಪಾಲು, ಕಳೆದು ಉಳಿದದ್ದು ನೇರ ಸಾಲದ ಖಾತೆಗೆ ಹೋಯಿತು, ಏಕೆಂದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇತ್ತು.

ಈ ಪಾಲಿಸಿಯಲ್ಲಿ ಒಂದು ಒಳ್ಳೆಯ ಅಂಶ ಇದೆ. ಕೊರತೆ ನೂರಕ್ಕೆ 15ರ ಒಳಗಿದ್ದರೆ ಈ ಕಡಿತ ಮಾಡುವುದಿಲ್ಲ. ನನ್ನ ಕೊರತೆ 33 ಇತ್ತು. 12 ಲಕ್ಷದ ಶೆಡ್ಡಿಗೆ 10 ಲಕ್ಷ 20 ಸಾವಿರಕ್ಕಾದರೂ ವಿಮೆ ಇದ್ದಿದ್ದರೆ ಆವರೇಜ್ ಬೀಳುತ್ತಲೇ ಇರಲಿಲ್ಲ. ಅದಕ್ಕೆ ವರ್ಷಕ್ಕೆ ಜಾಸ್ತಿ ಕಟ್ಟಬೇಕಾಗಿದ್ದ ಪ್ರೀಮಿಯಂ, ಕಳೆದುಕೊಂಡ 1 ಲಕ್ಷ 60 ಸಾವಿರದ ಮುಂದೆ ಏನೇನೂ ಅಲ್ಲ.

ಹಾಗಾಗಿ ನವೀಕರಣಕ್ಕೆ ಮುಂಚೆ ನಿಮ್ಮ ಗೌಂಡಿಯನ್ನೋ ವೆಲ್ಡಿಂಗ್‌ನವರನ್ನೋ ಕರೆದು, ಇವತ್ತಿನ ರೇಟಿನಲ್ಲಿ ಕಟ್ಟಲು ಎಷ್ಟಾಗುತ್ತದೆ ಅಂತ ಒಂದು ಕೊಟೇಶನ್ ಬರೆಸಿಕೊಳ್ಳಿ. ಐದು ವರ್ಷದ ಹಿಂದೆ ಕಟ್ಟಿಸಿದ ಖರ್ಚು ಲೆಕ್ಕಕ್ಕಿಲ್ಲ. ಆ ಮೊತ್ತಕ್ಕೆ ವಿಮೆ ಮಾಡಿಸಿ ಅಂತ ಬ್ಯಾಂಕಿಗೆ ಬರೆದು ಕೊಡಿ. ಸಾಲ ತೀರುತ್ತಾ ಬಂದ ಹಾಗೆ ವಿಮೆಯ ಮೊತ್ತ ಇಳಿಸುವ ಅಭ್ಯಾಸ ಕೆಲವು ಕಡೆ ಇದೆ, ಅದಕ್ಕೂ ಕಣ್ಣಿಡಿ.

3. ಅರ್ಜಿ ನೀವೇ ತುಂಬಿ

ಏಜೆಂಟ್ ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಬೇಡ. ಮೂರು ಜಾಗದಲ್ಲಿ ಬರೆದದ್ದು ಮುಂದೆ ನಿಮ್ಮನ್ನೇ ಕಟ್ಟಿಹಾಕುತ್ತದೆ.

ಮೊದಲನೆಯದು ಕಟ್ಟಡದ ವಿವರ. ಮೇಲೆ ಪತ್ರಾ, ಪಕ್ಕಕ್ಕೆ ಜಾಲರಿ ಇರುವ ಶೆಡ್ಡು ಬೇರೆ. ತೆಂಗಿನ ಗರಿ, ಹುಲ್ಲು, ರವದಿ, ಬಿದಿರು, ತಾಡಪತ್ರಿ ಇರುವ ಶೆಡ್ಡು ಬೇರೆ, ಅದನ್ನು ಕಚ್ಚಾ ಅನ್ನುತ್ತಾರೆ, ಅದಕ್ಕೆ ಪ್ರೀಮಿಯಂ ಜಾಸ್ತಿ. ಬೇಸಿಗೆಯಲ್ಲಿ ತಂಪಿಗೆ ಅಂತ ನಾವು ಪತ್ರಾ ಮೇಲೆ ರವದಿ ಹೊದಿಸುತ್ತೇವಲ್ಲ, ಅದನ್ನೂ ತಿಳಿಸಿ. ಅರ್ಜಿಯಲ್ಲಿ ಪಕ್ಕಾ ಅಂತ ಬರೆದು ಮೇಲೆ ಒಣ ರವದಿ ಇದ್ದರೆ, ಬೆಂಕಿ ಬಿದ್ದ ದಿನ ಮೊದಲ ತಕರಾರು ಅದೇ.

ಎರಡನೆಯದು ಕೋಳಿಗಳ ಸಂಖ್ಯೆ. ತೆರೆದ ಶೆಡ್ಡಿನಲ್ಲಿ ಬ್ರಾಯ್ಲರ್‌ಗೆ ಒಂದು ಚದರಡಿ ಅನ್ನುವುದು ನಾವೆಲ್ಲ ಹಿಡಿಯುವ ಲೆಕ್ಕ, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಬಿಡುತ್ತೇವೆ. 5,000 ಚದರಡಿಯಲ್ಲಿ ರೇಟು ಚೆನ್ನಾಗಿದೆ ಅಂತ 6,000 ಮರಿ ಬಿಟ್ಟು, ಅರ್ಜಿಯಲ್ಲಿ 5,000 ಬರೆದರೆ ಎರಡು ಕಡೆಯಿಂದ ಹೊಡೆತ. ವಿಮೆ ಕಡಿಮೆ ಸಂಖ್ಯೆಗೆ ಆಯಿತು, ಜೊತೆಗೆ "ಅತಿ ದಟ್ಟಣೆ" ಅನ್ನುವ ಹೊರಗಿಡುವ ಷರತ್ತು ಅವರ ಕೈಗೆ ಸಿಕ್ಕಿತು. ಫಾರ್ಮಿನಲ್ಲಿರುವ ಎಲ್ಲ ಕೋಳಿಗೂ ವಿಮೆ ಮಾಡಿಸಬೇಕು, ಒಂದು ಶೆಡ್ಡಿಗೆ ಮಾಡಿಸಿ ಇನ್ನೊಂದನ್ನು ಬಿಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮೂರನೆಯದು ಬ್ಯಾಚು. ಲೇಯರ್ ಕೋಳಿ ವರ್ಷಗಟ್ಟಲೆ ಇರುತ್ತದೆ, ಬ್ರಾಯ್ಲರ್ 40 ದಿನಕ್ಕೆ ಹೋಗುತ್ತದೆ. ಪ್ರತಿ ಹೊಸ ಬ್ಯಾಚ್ ಬಿಟ್ಟಾಗ ವಿಮಾ ಕಂಪನಿಗೆ ತಿಳಿಸಬೇಕು ಅಂತ ಷರತ್ತು ಇದೆಯಾ ಅಂತ ನೋಡಿ. ಇದ್ದರೆ ಮರಿ ಇಳಿಸಿದ ದಿನವೇ ಬಿಲ್ಲಿನ ಫೋಟೋ ಸಮೇತ ಇಮೇಲ್ ಹಾಕಿಬಿಡಿ. ನಾನು ಈಗ ಹಾಗೇ ಮಾಡುತ್ತೇನೆ, ಐದು ನಿಮಿಷದ ಕೆಲಸ.

4. ಒಂದು ಕೋಳಿಗೆ ಎಷ್ಟು ಕೊಡುತ್ತಾರೆ

ಅವತ್ತಿನ ಮಾರುಕಟ್ಟೆ ರೇಟು ಕೊಡುವುದಿಲ್ಲ. ಪಾಲಿಸಿಯ ಜೊತೆ ವಯಸ್ಸಿನ ಪಟ್ಟಿ ಇರುತ್ತದೆ: ಇಷ್ಟನೇ ವಾರಕ್ಕೆ ಒಂದು ಕೋಳಿಗೆ ಇಷ್ಟು ರೂಪಾಯಿ ಅಂತ. ಅದು ಮರಿ ಮತ್ತು ಅಲ್ಲಿಯವರೆಗೆ ತಿಂದ ಆಹಾರದ ಖರ್ಚಿನ ಸುತ್ತ ಇರುತ್ತದೆ. ಪ್ರತಿ ಬ್ಯಾಚಿನಲ್ಲೂ ಒಂದಿಷ್ಟು ಸಾಯುವುದು ಸಹಜ ಅಲ್ವಾ, ಆ ಸಹಜ ಸಾವಿನ ಪಾಲನ್ನು ಮೊದಲೇ ಕಳೆಯುತ್ತಾರೆ. ಇದೇ ಕೋಳಿ ಪಾಲಿಸಿಯ ಎಕ್ಸೆಸ್. ಎಷ್ಟು ಶೇಕಡಾ ಅನ್ನುವುದು ಪಾಲಿಸಿಯಿಂದ ಪಾಲಿಸಿಗೆ ಬೇರೆ. ಬಂದ ಮೊತ್ತದಲ್ಲಿ ಶೇ. 80 ಮಾತ್ರ ಕೊಡುತ್ತೇವೆ ಅನ್ನುವ ಪಾಲಿಸಿಯೂ ಇದೆ.

ನನ್ನ ಲೆಕ್ಕ ಹೀಗೆ ಬಂತು. ಬಿಟ್ಟದ್ದು 5,000 ಮರಿ. ಎಕ್ಸೆಸ್ ಶೇ. 5, ಅಂದರೆ 250 ಕೋಳಿ. ಬೆಂಕಿಗೆ ಮುಂಚೆ ಮೊದಲ ವಾರಗಳಲ್ಲಿ ಹೇಗೂ 150 ಸತ್ತಿದ್ದವು, ಅವು ಬ್ಯಾಚ್ ಕಾರ್ಡಿನಲ್ಲಿ ದಿನದಿನಕ್ಕೆ ಬರೆದಿದ್ದವು. ಹಾಗಾಗಿ ಬೆಂಕಿಯ 1,400ರಲ್ಲಿ ಉಳಿದ 100 ಮಾತ್ರ ಕಳೆದರು. 1,300 ಕೋಳಿಗೆ ಪಟ್ಟಿಯ ಪ್ರಕಾರ 110 ರೂಪಾಯಿಯಂತೆ 1 ಲಕ್ಷ 43 ಸಾವಿರ, ಅದರ ಶೇ. 80 ಅಂದರೆ 1 ಲಕ್ಷ 14 ಸಾವಿರದ 400. ಬ್ಯಾಚ್ ಕಾರ್ಡ್ ಬರೆಯದೇ ಇದ್ದಿದ್ದರೆ ಪೂರ್ತಿ 250 ಕಳೆಯುತ್ತಿದ್ದರು. ಹೊಗೆ ಕುಡಿದು ಬದುಕುಳಿದ ಕೋಳಿ ಮುಂದೆ ತೂಕ ಬರಲಿಲ್ಲ, ಅವನ್ನು ಬಂದ ರೇಟಿಗೆ ಕೊಟ್ಟೆ. ಬೆಳವಣಿಗೆ ಕಡಿಮೆ ಆದದ್ದು, ಮೊಟ್ಟೆ ಕಡಿಮೆ ಆದದ್ದು, ಕಾಣೆಯಾದ ಕೋಳಿ, ಕಳುವಾದ ಕೋಳಿ, ಇವು ಯಾವುದಕ್ಕೂ ಕೋಳಿ ಪಾಲಿಸಿ ದುಡ್ಡು ಕೊಡುವುದಿಲ್ಲ.

5. ಕರೆಂಟ್ ಹೋಗಿ ಸತ್ತರೆ

ಎಲ್ಲರೂ ಮೋಸ ಹೋಗುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಮಾವನದು ಮುಚ್ಚಿದ ಶೆಡ್ಡು, ಒಂದು ತುದಿಗೆ ಕೂಲಿಂಗ್ ಪ್ಯಾಡು, ಇನ್ನೊಂದು ತುದಿಗೆ ದೊಡ್ಡ ಫ್ಯಾನು. ವಿಜಯಪುರದ ಏಪ್ರಿಲ್ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಕೋಳಿಗೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಅಂಥ ಶೆಡ್ಡಿನಲ್ಲಿ ಫ್ಯಾನ್ ನಿಂತರೆ ಅರ್ಧ ಗಂಟೆ ಸಾಕು, ದೊಡ್ಡ ಕೋಳಿಗಳು ಮೊದಲು ಬೀಳುತ್ತವೆ. ಅವತ್ತು ಮಧ್ಯಾಹ್ನ ಕರೆಂಟ್ ಹೋಯಿತು, ಜನರೇಟರ್ ಬ್ಯಾಟರಿ ಸತ್ತಿತ್ತು, ಸೆಲ್ಫ್ ಎತ್ತಲಿಲ್ಲ. ಬೇರೆ ಬ್ಯಾಟರಿ ತರುವಷ್ಟರಲ್ಲಿ ಒಂದೂವರೆ ಗಂಟೆ.

ಮಾವ ಹೇಳಿದ್ದು ಒಂದೇ ಮಾತು, "ಆಕಸ್ಮಿಕವಾಗಿ ಸತ್ತಾವಲ್ಲೋ ತಮ್ಮಾ, ಪಾಲಿಸಿಯೊಳಗ ಆಕ್ಸಿಡೆಂಟ್ ಅಂತ ಬರದಾರ". ಬರೆದಿದ್ದರು ನಿಜ. ಆದರೆ ಮೂರನೇ ಪುಟದಲ್ಲಿ, ವಿದ್ಯುತ್ ಪೂರೈಕೆ ನಿಂತದ್ದರಿಂದ ಅಥವಾ ಗಾಳಿ, ಉಷ್ಣತೆ ನಿಯಂತ್ರಿಸುವ ಯಂತ್ರ ಕೆಟ್ಟದ್ದರಿಂದ ಆದ ಸಾವು ಹೊರಗಿಟ್ಟಿದೆ ಅಂತಲೂ ಇತ್ತು. ಸಾಮಾನ್ಯ ಕೋಳಿ ಪಾಲಿಸಿಗಳಲ್ಲಿ ಈ ಸಾಲು ಇರುವುದೇ ಹೆಚ್ಚು. ಸೆಖೆಗೆ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸತ್ತರೆ ಅದನ್ನು "ನಿರ್ವಹಣೆಯ ದೋಷ" ಅಂತಲೂ ತಳ್ಳಿಹಾಕಬಹುದು.

ಬೆಂಕಿ ಪಾಲಿಸಿಯಲ್ಲೂ ಕರೆಂಟಿನ ಬಗ್ಗೆ ಒಂದು ಸೂಕ್ಷ್ಮ ಇದೆ. ಶಾರ್ಟ್ ಸರ್ಕ್ಯೂಟ್ ಆಗಿ ಫ್ಯಾನಿನ ಮೋಟಾರ್ ಸುಟ್ಟರೆ ಆ ಮೋಟಾರಿಗೆ ದುಡ್ಡಿಲ್ಲ. ಆ ಮೋಟಾರಿನಿಂದ ಎದ್ದ ಬೆಂಕಿ ಪರದೆಗೆ, ಶೆಡ್ಡಿಗೆ, ಪಕ್ಕದ ಫ್ಯಾನಿಗೆ ಹಬ್ಬಿದರೆ ಅವಕ್ಕೆಲ್ಲ ದುಡ್ಡಿದೆ. ಶಾರ್ಟ್ ಸರ್ಕ್ಯೂಟ್ ಅಂದ ಕೂಡಲೇ ಕ್ಲೇಮ್ ಬರೋದಿಲ್ಲ ಅಂತ ಊರಲ್ಲಿ ಹೇಳುತ್ತಾರೆ, ಅದು ಅರ್ಧ ಸತ್ಯ.

ಹಾಗಾದರೆ ಏನು ಮಾಡಬೇಕು? ಕೆಲವು ಕಂಪನಿಗಳು ಜಾಸ್ತಿ ಪ್ರೀಮಿಯಂ ತೆಗೆದುಕೊಂಡು ಈ ಅಪಾಯವನ್ನೂ ಸೇರಿಸುತ್ತವೆ. ಕೇಳುವಾಗ "ಪವರ್ ಕಟ್ ಕವರ್ ಆಗುತ್ತಾ" ಅಂತ ಒಟ್ಟಾರೆ ಕೇಳಬೇಡಿ, ಹೌದು ಅಂದುಬಿಡುತ್ತಾರೆ. ನಾಲ್ಕು ಪ್ರಶ್ನೆ ಬೇರೆ ಬೇರೆ ಬರೆದು ಇಮೇಲ್ ಮಾಡಿ. ಹೆಸ್ಕಾಂ ಲೈನ್ ಹೋಗಿ ಫ್ಯಾನ್ ನಿಂತು ಕೋಳಿ ಸತ್ತರೆ? ಲೈನ್ ಹೋದಾಗ ಜನರೇಟರ್ ಕೆಟ್ಟು ಸತ್ತರೆ? ಲೈನ್ ಇದ್ದೂ ಫ್ಯಾನಿನ ಮೋಟಾರೋ ಪ್ಯಾನೆಲ್ಲೋ ಕೆಟ್ಟು ಸತ್ತರೆ? ಎಲ್ಲ ಸರಿ ಇದ್ದೂ ಬರೀ ಬಿಸಿಲಿನ ಝಳಕ್ಕೆ ಸತ್ತರೆ? ನಾಲ್ಕಕ್ಕೂ ಉತ್ತರ ಬೇರೆ ಬರಬಹುದು. ಏಜೆಂಟನ ವಾಟ್ಸಾಪ್ ಉತ್ತರಕ್ಕೆ ಬೆಲೆ ಇಲ್ಲ, ಪಾಲಿಸಿಗೆ ಅಂಟಿಸಿದ ಎಂಡೋರ್ಸ್‌ಮೆಂಟ್ ಬೇಕು.

ಸೇರಿಸಿಕೊಂಡರೆ ಷರತ್ತುಗಳು ಬರುತ್ತವೆ. ಜನರೇಟರ್ ಇರಬೇಕು, ಎಲ್ಲ ಫ್ಯಾನು ಎಳೆಯುವಷ್ಟು ಸಾಮರ್ಥ್ಯ ಇರಬೇಕು, ಕರೆಂಟ್ ಹೋದರೆ ತಾನಾಗಿ ಶುರುವಾಗುವ ಪ್ಯಾನೆಲ್ ಅಥವಾ ಅಲಾರಾಂ ಇರಬೇಕು, ಸರ್ವಿಸ್ ದಾಖಲೆ ಇರಬೇಕು. ಸಾಮರ್ಥ್ಯದ ವಿಷಯದಲ್ಲಿ ಒಂದು ಎಚ್ಚರಿಕೆ: ಫ್ಯಾನುಗಳ ಎಚ್‌ಪಿ ಕೂಡಿಸಿ ಅಷ್ಟಕ್ಕೇ ಜನರೇಟರ್ ತಂದರೆ ಆಗುವುದಿಲ್ಲ. ಮೋಟಾರ್ ಶುರುವಾಗುವಾಗ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಎಲ್ಲ ಒಟ್ಟಿಗೆ ಎದ್ದರೆ ಜನರೇಟರ್ ಕುಂತುಬಿಡುತ್ತದೆ. ಒಂದೊಂದಾಗಿ ಶುರುವಾಗುವ ಹಾಗೆ ಟೈಮರ್ ಹಾಕಿಸಿ.

ಮಾವ ಈಗ ಪ್ರತಿ ಸೋಮವಾರ ಮೇನ್ ಸ್ವಿಚ್ ತಾವೇ ತೆಗೆದು, ಫ್ಯಾನುಗಳೆಲ್ಲ ಜನರೇಟರ್ ಮೇಲೆ ಅರ್ಧ ಗಂಟೆ ಓಡುವ ಹಾಗೆ ಮಾಡುತ್ತಾರೆ. ಖಾಲಿ ಓಡಿಸಿ ನಿಲ್ಲಿಸಿದರೆ ಜನರೇಟರ್ ಫ್ಯಾನುಗಳನ್ನು ಎಳೆಯುತ್ತದೆಯೋ ಇಲ್ಲವೋ, ಪ್ಯಾನೆಲ್ಲಿನ ಸ್ಥಿತಿ ಹೇಗಿದೆಯೋ ಗೊತ್ತಾಗುವುದಿಲ್ಲ. ದಿನಾಂಕ, ಗಂಟೆ ಮೀಟರಿನ ಅಂಕಿ, ಡೀಸೆಲ್ ಎಷ್ಟಿದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದು ಮೀಟರಿನ ಫೋಟೋ ತೆಗೆದಿಡುತ್ತಾರೆ. ಹೀಗೆ ಬರೆದಿಟ್ಟ ನೋಟ್‌ಬುಕ್ ಇದ್ದರೆ "ನಿರ್ಲಕ್ಷ್ಯ" ಅನ್ನುವ ಮಾತು ಹೇಳುವುದು ಸರ್ವೇಯರ್‌ಗೂ ಕಷ್ಟ. ಕರೆಂಟ್ ಹೋದ ಕೂಡಲೇ 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಹೆಸ್ಕಾಂ ಶಾಖಾ ಕಚೇರಿಯಿಂದ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಅನ್ನುವ ಪತ್ರ ಕೇಳುವಾಗ ಆ ಸಂಖ್ಯೆ ಕೆಲಸಕ್ಕೆ ಬರುತ್ತದೆ.

6. ರೋಗದ ಷರತ್ತು

ರೋಗದಿಂದ ಸತ್ತರೂ ದುಡ್ಡು ಬರುತ್ತದೆ, ಆದರೆ ಪಾಲಿಸಿ ಶುರುವಾದ ಮೇಲೆ ಬಂದ ರೋಗ ಆಗಿರಬೇಕು. ಮುಂಚೆಯೇ ಕೋಳಿಗೆ ತಗುಲಿತ್ತು ಅಂತ ಅವರಿಗೆ ಅನ್ನಿಸಿದರೆ ಮುಗಿಯಿತು. ಪಕ್ಕದೂರಲ್ಲಿ ರೋಗ ಬಂತು ಅಂತ ಕೇಳಿ ಓಡಿಹೋಗಿ ಪಾಲಿಸಿ ಮಾಡಿಸುವವರಿಗಾಗಿಯೇ ಈ ಷರತ್ತು.

ಇನ್ನೊಂದು ದೊಡ್ಡ ಷರತ್ತು ಲಸಿಕೆಯದು. ಕೊಕ್ಕರೆ ರೋಗ ಅಂದರೆ ರಾಣಿಖೇತ್, ಗಂಬೋರೊ, ಮಾರೆಕ್ಸ್, ಸಿಡುಬು, ಹೀಗೆ ಲಸಿಕೆ ಇರುವ ರೋಗಕ್ಕೆ ಲಸಿಕೆ ಹಾಕಿಸದೇ ಇದ್ದರೆ ಪರಿಹಾರ ಇಲ್ಲ. "ಹಾಕಿಸಿದ್ದೆ ಸರ್" ಅಂದರೆ ಸಾಲದು, ಹಾಕಿಸಿದ್ದಕ್ಕೆ ಸಾಕ್ಷಿ ಬೇಕು. ಮಾರೆಕ್ಸ್ ಲಸಿಕೆ ಹ್ಯಾಚರಿಯಲ್ಲೇ ಒಂದನೇ ದಿನ ಹಾಕುತ್ತಾರೆ, ಹಾಕಿದ್ದರೆ ಮರಿಯ ಬಿಲ್ಲಿನ ಮೇಲೆ ಅದನ್ನು ಬರೆಸಿ. ಬ್ರಾಯ್ಲರ್‌ಗೆ ಐದರಿಂದ ಏಳನೇ ದಿನದೊಳಗೆ ರಾಣಿಖೇತ್‌ಗೆ ಹಾಕುವ ಲಸೋಟಾ ಲಸಿಕೆ, ಹನ್ನೆರಡು ಹದಿನಾಲ್ಕರ ಹೊತ್ತಿಗೆ ಗಂಬೋರೊ, ಮೂರನೇ ವಾರದ ಹೊತ್ತಿಗೆ ಮತ್ತೆ ಲಸೋಟಾ, ಇದು ನಮ್ಮ ಕಡೆ ಸಾಮಾನ್ಯ. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅದನ್ನೇ ಮಾಡಿ, ಆದರೆ ಅದನ್ನು ಅವರ ಸಹಿಯೊಂದಿಗೆ ಕಾಗದದಲ್ಲಿ ಪಡೆಯಿರಿ.

ನಾನು ಮಾಡುವುದು ಹೀಗೆ. ಲಸಿಕೆ ತಂದ ಅಂಗಡಿಯ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಮತ್ತು ಡೋಸ್ ಎಷ್ಟು ಅಂತ ಬರೆಸುತ್ತೇನೆ. 5,000 ಕೋಳಿ ಇರುವಾಗ 2,000 ಡೋಸಿನ ಬಿಲ್ ಇದ್ದರೆ ಅದೇ ಸಾಕು ಕ್ಲೇಮ್ ಬೀಳಿಸಲು. ಖಾಲಿ ಸೀಸೆಯ ಲೇಬಲ್ ಬಿಡಿಸಿ ಬ್ಯಾಚ್ ಕಾರ್ಡಿಗೆ ಅಂಟಿಸುತ್ತೇನೆ. ಐಸ್ ಡಬ್ಬಿಯಲ್ಲಿ ತಂದ ಫೋಟೋ ಒಂದು, ನೀರಿಗೆ ಹಾಲಿನ ಪುಡಿ ಬೆರೆಸಿ ಲಸಿಕೆ ಕಲಸುವ ಫೋಟೋ ಒಂದು. ಅಂದ ಹಾಗೆ, ಕ್ಲೋರಿನ್ ಹಾಕಿದ ನೀರಿಗೆ ಲಸಿಕೆ ಕಲಸಿದರೆ ಲಸಿಕೆಯೇ ಸಾಯುತ್ತದೆ. ಆಗ ನಿಮ್ಮ ಕಾಗದ ಸರಿ ಇರುತ್ತದೆ, ಕೋಳಿ ಮಾತ್ರ ಉಳಿಯುವುದಿಲ್ಲ.

ರೋಗದಿಂದ ಸಾಯಲು ಶುರುವಾದಾಗ ಮರಣೋತ್ತರ ಪರೀಕ್ಷೆ ಮಾಡಿಸಲೇಬೇಕು. ರಾಣಿಖೇತ್ ಆದರೆ ಗ್ರಂಥಿ ಜಠರದಲ್ಲಿ ರಕ್ತದ ಚುಕ್ಕೆ, ಗಂಬೋರೊ ಆದರೆ ಗುದದ ಹತ್ತಿರದ ಬರ್ಸಾ ಗ್ರಂಥಿ ಊದಿರುತ್ತದೆ, ಡಾಕ್ಟರು ಇದನ್ನು ನೋಡಿ ಬರೆಯುತ್ತಾರೆ. ಅನುಮಾನ ಇದ್ದರೆ ಮಾದರಿ ಲ್ಯಾಬಿಗೆ ಹೋಗಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಪಶು ಆಸ್ಪತ್ರೆಯ ಮೂಲಕ ಕಳಿಸಬಹುದು.

ಹಕ್ಕಿ ಜ್ವರದ ದಾರಿ ಪೂರ್ತಿ ಬೇರೆ. ಸಾಮಾನ್ಯ ಪಾಲಿಸಿಗಳು ಬೇಕೆಂದು ಕೊಂದ ಕೋಳಿಗೆ ಪರಿಹಾರ ಕೊಡುವುದಿಲ್ಲ, ಸರ್ಕಾರದ ಆದೇಶದಿಂದ ಕೊಂದರೂ ಅಷ್ಟೇ. ಹಕ್ಕಿ ಜ್ವರವನ್ನೇ ಹೆಸರು ಹಿಡಿದು ಹೊರಗಿಟ್ಟ ಪಾಲಿಸಿಯೂ ಇದೆ. ಅಲ್ಲಿ ದುಡ್ಡು ಬರುವುದು ಸರ್ಕಾರದಿಂದ. ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರೋಗ ಖಚಿತವಾದ ಮೇಲೆ, ರೋಗ ಕಂಡ ಜಾಗದಿಂದ 1 ಕಿಲೋಮೀಟರ್ ಸುತ್ತ ಇರುವ ಕೋಳಿಗಳನ್ನು ಕೊಲ್ಲಿಸುತ್ತಾರೆ. ಕೊಂದ ಕೋಳಿಗೆ ಕೇಂದ್ರ, ರಾಜ್ಯ ಅರ್ಧರ್ಧ ಹಾಕಿ ಪರಿಹಾರ ಕೊಡುತ್ತವೆ. ಕೊಲ್ಲುವ ಮುಂಚೆಯೇ ರೋಗದಿಂದ ಸತ್ತದ್ದಕ್ಕೆ ಇದರಲ್ಲಿ ಪರಿಹಾರ ಇಲ್ಲ. ಅಂದರೆ ಹೇಳಲು ನಾಲ್ಕು ದಿನ ತಡ ಮಾಡಿದರೆ ಆ ನಾಲ್ಕು ದಿನದಲ್ಲಿ ಸತ್ತ ಕೋಳಿಗೆ ವಿಮೆಯಿಂದಲೂ ಇಲ್ಲ, ಸರ್ಕಾರದಿಂದಲೂ ಇಲ್ಲ. ಒಮ್ಮೆಲೇ ರಾಶಿ ರಾಶಿ ಸತ್ತು, ಜುಟ್ಟು ಕಾಲು ನೀಲಿಗಟ್ಟಿದ್ದರೆ ನೀವೇ ಕೊಯ್ದು ನೋಡಲು ಹೋಗಬೇಡಿ, ಪಶು ಆಸ್ಪತ್ರೆಗೆ ಫೋನ್ ಮಾಡಿ.

7. ಆದ ದಿನ ಏನು ಮಾಡಬೇಕು

ಬೆಂಕಿ ಆರಿದ ಮೇಲೆ ನಮಗೆ ಮೊದಲು ತೋಚುವುದು ಗುಂಡಿ ತೋಡಿ ಸತ್ತದ್ದನ್ನು ಹೂಳುವುದು. ವಾಸನೆ, ನಾಯಿ, ಊರವರ ಬಾಯಿ. ಆದರೂ ಸ್ವಲ್ಪ ತಡೆಯಿರಿ. ವಿಮಾ ಕಂಪನಿಗೆ ಫೋನ್ ಮಾಡಿ, ಅದೇ ಗಂಟೆಯಲ್ಲಿ ಇಮೇಲ್ ಕೂಡ ಹಾಕಿ. ಇಮೇಲಿನಲ್ಲಿ ಪಾಲಿಸಿ ಸಂಖ್ಯೆ, ಸಮಯ, ಅಂದಾಜು ಎಷ್ಟು ಸತ್ತವು ಅಂತ ಬರೆದರೆ ಸಾಕು. ಕಾರಣ ಗೊತ್ತಿಲ್ಲದಿದ್ದರೆ ಊಹೆ ಬರೆಯಬೇಡಿ. ನಮ್ಮ ಆಳು ಪೊಲೀಸರ ಮುಂದೆ "ವೈರಿಂಗ್ ಹಳೇದಾಗಿತ್ರಿ" ಅಂದುಬಿಟ್ಟಿದ್ದ. ರವದಿ ಬೆಂಕಿ ಅಂತ ಸಾಬೀತು ಮಾಡಲು ನಾನು ಪಕ್ಕದ ಹೊಲದ ಸುಟ್ಟ ಜಾಡಿನಿಂದ ಶೆಡ್ಡಿನವರೆಗೆ ವಿಡಿಯೋ ತೋರಿಸಬೇಕಾಯಿತು. ಪುಣ್ಯಕ್ಕೆ ಅವತ್ತೇ ತೆಗೆದಿದ್ದೆ.

ಅಗ್ನಿಶಾಮಕ ದಳ ಬಂದರೆ ಅವರ ವರದಿಗೆ ಅರ್ಜಿ ಕೊಡಿ, ಪೊಲೀಸ್ ಠಾಣೆಗೆ ದೂರು ಕೊಟ್ಟು ಪಂಚನಾಮೆ ಮಾಡಿಸಿ. ಪಶು ವೈದ್ಯರನ್ನು ಕರೆಸಿ ಶೆಡ್ಡಿನ ಬೇರೆ ಬೇರೆ ಕಡೆಯಿಂದ ಕೆಲವು ಕೋಳಿ ಕೊಯ್ದು ನೋಡಲು ಹೇಳಿ. ಇದು ಬೆಂಕಿಯಲ್ಲೂ ಮುಖ್ಯ. ಸುಡದೇ ಸತ್ತ ಕೋಳಿಗಳನ್ನು "ಮೂಲೆಗೆ ಒತ್ತಿಕೊಂಡು ಸತ್ತವು, ಅದು ಹೊರಗಿಟ್ಟದ್ದು" ಅನ್ನಬಹುದು. ಶ್ವಾಸನಾಳದ ಒಳಗೆ ಮಸಿ ಇದೆ ಅಂತ ಡಾಕ್ಟರು ಬರೆದರೆ, ಅದು ಉಸಿರಾಡುತ್ತಿದ್ದಾಗಲೇ ಹೊಗೆ ಕುಡಿದದ್ದು ಅಂತ ಸ್ಪಷ್ಟ. ನನ್ನ 1,400ರಲ್ಲಿ ಸುಟ್ಟದ್ದು ಕಡಿಮೆ, ಹೊಗೆಗೆ ಸತ್ತದ್ದೇ ಜಾಸ್ತಿ. ಆ ಒಂದು ಸಾಲು ಇಲ್ಲದಿದ್ದರೆ ಕೋಳಿಯ ಕ್ಲೇಮ್ ಅರ್ಧಕ್ಕೆ ಇಳಿಯುತ್ತಿತ್ತು.

ಎಣಿಕೆಗೆ ನಾನು ಮಾಡಿದ ಉಪಾಯ: ನೂರು ನೂರರ ಸಾಲು ಜೋಡಿಸಿ, ಪ್ರತಿ ಸಾಲಿನ ಮುಂದೆ ಸುಣ್ಣದಲ್ಲಿ ಸಂಖ್ಯೆ ಬರೆದು, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಲ್ಲಿಸದೆ ವಿಡಿಯೋ. ಸರ್ವೇಯರ್ ಮರುದಿನ ಬರುತ್ತೇನೆ ಅಂದರು, ಅಷ್ಟು ಹೊತ್ತು ಇಡಲು ಆಗುವುದಿಲ್ಲ ಅಂತ ಇಮೇಲ್ ಹಾಕಿ ಹೂಳಲು ಒಪ್ಪಿಗೆ ಪಡೆದೆ. ಒಪ್ಪಿಗೆ ಬರಹದಲ್ಲಿ ಬಂದ ಮೇಲೆಯೇ ಗುಂಡಿಗೆ ಹಾಕಿ ಸುಣ್ಣ ಸುರಿದದ್ದು. ಶೆಡ್ಡಿನ ಸುಟ್ಟ ಭಾಗ ಸರ್ವೇಯರ್ ನೋಡುವವರೆಗೆ ಮುಟ್ಟಬೇಡಿ. ಉಳಿದ ಕೋಳಿಗೆ ನೆರಳು, ನೀರು ಮಾಡಿ. ಉಳಿದದ್ದನ್ನು ಕಾಪಾಡದೇ ಬಿಟ್ಟರೆ ಅದೂ ನಿಮ್ಮ ತಪ್ಪೇ ಆಗುತ್ತದೆ.

ಆಮೇಲೆ ಕೇಳುವ ಕಾಗದ: ಮರಿ ಬಿಲ್, ಆಹಾರದ ಬಿಲ್, ಬ್ಯಾಚ್ ಕಾರ್ಡ್, ಲಸಿಕೆ ದಾಖಲೆ, ಮರಣೋತ್ತರ ವರದಿ, ಕಟ್ಟಿಸಲು ಕೊಟೇಶನ್. ಬಿಲ್ಲುಗಳು ಶೆಡ್ಡಿನ ಕೋಣೆಯಲ್ಲೇ ಇದ್ದು ಸುಟ್ಟು ಹೋದವರೂ ಇದ್ದಾರೆ, ಫೋನಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.

8. ಇಲ್ಲ ಅಂದರೆ

ನಿರಾಕರಣೆಯ ಪತ್ರದಲ್ಲಿ ಯಾವ ಷರತ್ತಿನ ಅಡಿ ಅಂತ ಇರಲೇಬೇಕು, ಇಲ್ಲದಿದ್ದರೆ ಬರೆದು ಕೇಳಿ. ಸರ್ವೇ ವರದಿಯ ಪ್ರತಿಯನ್ನೂ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದಾಖಲಿಸಬಹುದು, 155255ಕ್ಕೂ ಫೋನ್ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. 50 ಲಕ್ಷದವರೆಗಿನ ತಕರಾರು ಅಲ್ಲಿ ಹೋಗುತ್ತದೆ, ಶುಲ್ಕ ಇಲ್ಲ, ವಕೀಲರು ಬೇಡ. ಕಂಪನಿಯ ಕೊನೆಯ ಉತ್ತರ ಬಂದು ಒಂದು ವರ್ಷದೊಳಗೆ ಹಾಕಬೇಕು. ಸ್ವಂತ ಹೆಸರಿನಲ್ಲಿ ಅಥವಾ ಒಬ್ಬರೇ ಮಾಲೀಕರಾಗಿ ಪಾಲಿಸಿ ಇದ್ದರೆ ತೊಂದರೆ ಇಲ್ಲ. ಕೋರ್ಟಿಗೋ ಗ್ರಾಹಕರ ಆಯೋಗಕ್ಕೋ ಮೊದಲೇ ಹೋಗಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ.

ಆವರೇಜ್ ಕಡಿತದ ವಿರುದ್ಧ ನಾನು ಎಲ್ಲೂ ಹೋಗಲಿಲ್ಲ, ಅದು ಲೆಕ್ಕದ ಪ್ರಕಾರ ಸರಿಯೇ ಇತ್ತು. ಮಾವನೂ ಮೂರನೇ ಪುಟ ಓದಿ ಸುಮ್ಮನಾದರು. ಈ ಸಲ ನವೀಕರಣಕ್ಕೆ ಇಬ್ಬರೂ ಸೇರಿ ಕೂತು ಆ ನಾಲ್ಕು ಪ್ರಶ್ನೆ ಇಮೇಲ್ ಮಾಡಿದೆವು. ಮೊದಲ ಎರಡಕ್ಕೆ ಹೌದು ಅಂತ ಎಂಡೋರ್ಸ್‌ಮೆಂಟ್ ಬಂತು, ಜನರೇಟರ್ ಪರೀಕ್ಷೆಯ ದಾಖಲೆ ಇಡಬೇಕು ಅನ್ನುವ ಷರತ್ತಿನ ಮೇಲೆ. ಬರೀ ಬಿಸಿಲಿನ ಝಳಕ್ಕೆ ಸತ್ತರೆ ಇಲ್ಲ ಅಂತಲೂ ಬರೆದಿದ್ದಾರೆ. ಹಾಗಾಗಿ ಏಪ್ರಿಲ್, ಮೇ ಬ್ಯಾಚಿಗೆ ಮಾವ ಈಗ 500 ಮರಿ ಕಡಿಮೆ ಬಿಡುತ್ತಾರೆ.